ಡಿಪ್ಲೊಮಾ ಮುಗಿದ ಮೇಲೆ ಯಾವುದು ಮೊದಲು?

ಆಗಸ್ಟ್ ಬಂತೆಂದರೆ ನಮ್ಮ ಪಾಲಿಟೆಕ್ನಿಕ್ ಎದುರಿನ ಟೀ ಅಂಗಡಿಯ ಬೆಂಚು ಖಾಲಿ ಇರುವುದಿಲ್ಲ. ಫಲಿತಾಂಶ ಬಂದಿರುತ್ತದೆ, ಅಂಕಪಟ್ಟಿ ಕೈಗೆ ಬಂದಿರುವುದಿಲ್ಲ, ಮನೆಯಲ್ಲಿ ಮಾತ್ರ 'ಮುಂದೇನು' ಎಂಬ ಪ್ರಶ್ನೆ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಬರುತ್ತಿರುತ್ತದೆ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತ, ಅದರ ಜೊತೆಗೆ ಪ್ಲೇಸ್‌ಮೆಂಟ್ ಕೆಲಸವನ್ನೂ ಹೊತ್ತುಕೊಂಡ ವರ್ಷಗಳಲ್ಲಿ ನನ್ನ ಅರ್ಧ ಕಚೇರಿ ಆ ಬೆಂಚಿನ ಮೇಲೆಯೇ ನಡೆದಿದೆ.

ಒಂದು ಮಧ್ಯಾಹ್ನ ಗುಬ್ಬಿ ಕಡೆಯ ಹುಡುಗನೊಬ್ಬ ಬಂದು ಬೆಂಚಿನ ಮೇಲೆ ಮೂರು ಕಾಗದ ಇಟ್ಟ. ಒಂದು, ಬೆಂಗಳೂರಿನ ಸಾರ್ವಜನಿಕ ಉದ್ಯಮವೊಂದರ ಅಪ್ರೆಂಟಿಸ್ ಆಯ್ಕೆಗೆ ಕರೆ. ಎರಡು, ಖಾಸಗಿ ಕಾರ್ಖಾನೆಯೊಂದರ ಆಫರ್ ಲೆಟರ್. ಮೂರು, ಡಿಸಿಇಟಿ ರ್‍ಯಾಂಕಿನ ಪ್ರಿಂಟ್. "ಸಾರ್, ಮೂರರಲ್ಲಿ ಯಾವುದು ಒಳ್ಳೇದು ಹೇಳಿ, ಅದಕ್ಕೇ ಹೋಗ್ತೀನಿ" ಅಂದ.

ಎಲ್ಲರೂ ಕೇಳುವುದು ಹೀಗೆಯೇ. ನಾನು ಅವನಿಗೆ ಬೇರೆ ಪ್ರಶ್ನೆ ಹಾಕಿದೆ: ಈ ಮೂರರಲ್ಲಿ ಯಾವುದನ್ನು ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ? ಏಕೆಂದರೆ ಮೂರು ಬಾಗಿಲೂ ಒಂದೇ ಹೊತ್ತಿಗೆ ಮುಚ್ಚುವುದಿಲ್ಲ. ಡಿಸಿಇಟಿ ಪ್ರತಿ ವರ್ಷ ನಡೆಯುತ್ತದೆ. ಕಾರ್ಖಾನೆಯ ಕೆಲಸ ವರ್ಷವಿಡೀ ಸಿಗುತ್ತದೆ, ಈ ಕಂಪನಿ ಅಲ್ಲದಿದ್ದರೆ ಪಕ್ಕದ್ದು. ಅಪ್ರೆಂಟಿಸ್ ಬಾಗಿಲಿಗೆ ಮಾತ್ರ ಗಡಿಯಾರ ಕಟ್ಟಿದ್ದಾರೆ. ಅದರ ಮುಳ್ಳು ತಿರುಗುತ್ತಿರುವುದು ಬಹಳಷ್ಟು ಹುಡುಗರಿಗೆ ಗೊತ್ತೇ ಇರುವುದಿಲ್ಲ.

ಅಪ್ರೆಂಟಿಸ್ ಬಾಗಿಲಿನ ಗಡಿಯಾರ

ಡಿಪ್ಲೊಮಾ ಮುಗಿಸಿದವರನ್ನು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ 'ಟೆಕ್ನಿಷಿಯನ್ ಅಪ್ರೆಂಟಿಸ್' ಎಂದು ತೆಗೆದುಕೊಳ್ಳುತ್ತಾರೆ. ಐಟಿಐ ಮುಗಿಸಿದವರದು ಟ್ರೇಡ್ ಅಪ್ರೆಂಟಿಸ್, ಬಿಇ ಮುಗಿಸಿದವರದು ಗ್ರ್ಯಾಜುಯೇಟ್ ಅಪ್ರೆಂಟಿಸ್. ಈ ಮೂರರ ನಿಯಮ, ಸ್ಟೈಪೆಂಡ್, ಕೊನೆಗೆ ಸಿಗುವ ಪ್ರಮಾಣಪತ್ರ ಎಲ್ಲವೂ ಬೇರೆ ಬೇರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಶೇ 20 ಮೀಸಲು ಎಂಬ ಮಾತು ಹುಡುಗರ ಬಾಯಲ್ಲಿ ಓಡಾಡುತ್ತದೆ. ಅದು ರೈಲ್ವೆಯಲ್ಲೇ ಟ್ರೇಡ್ ಅಪ್ರೆಂಟಿಸ್ ಮುಗಿಸಿ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಪಡೆದವರಿಗೆ, ಅದೂ ಲೆವೆಲ್-1 ಹುದ್ದೆಗಳಿಗೆ. ಡಿಪ್ಲೊಮಾ ಹುಡುಗ ಅದನ್ನು ನಂಬಿಕೊಂಡು ಕೂರುವಂತಿಲ್ಲ.

ಡಿಪ್ಲೊಮಾದವರ ನೋಂದಣಿ ನಡೆಯುವುದು `nats.education.gov.in` ಜಾಲತಾಣದಲ್ಲಿ. ದಕ್ಷಿಣ ರಾಜ್ಯಗಳಿಗೆ ಇದರ ಮೇಲುಸ್ತುವಾರಿ ಚೆನ್ನೈನಲ್ಲಿರುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯದು. ನೋಂದಣಿಗೆ ಶುಲ್ಕವಿಲ್ಲ. 'ಒಳಗೆ ಜನ ಇದ್ದಾರೆ, ಸೀಟು ಮಾಡಿಸಿಕೊಡ್ತೀನಿ' ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಎಚ್‌ಎಎಲ್, ಬಿಇಎಲ್, ಬಿಎಚ್‌ಇಎಲ್, ಬಿಇಎಂಎಲ್‌ನಂಥ ಕಡೆ ಹೆಚ್ಚಾಗಿ ಡಿಪ್ಲೊಮಾ ಅಂಕ ನೋಡಿ ಪಟ್ಟಿ ಮಾಡುತ್ತಾರೆ, ಇಲ್ಲವೇ ನಿಗದಿತ ದಿನ ನೇರ ಸಂದರ್ಶನಕ್ಕೆ ಕರೆಯುತ್ತಾರೆ.

ಗಡಿಯಾರದ ವಿಷಯಕ್ಕೆ ಬರೋಣ. ಪ್ರತಿ ಅಪ್ರೆಂಟಿಸ್ ಅಧಿಸೂಚನೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇರುತ್ತವೆ. ಡಿಪ್ಲೊಮಾ ಪಾಸಾಗಿ ಇಂತಿಷ್ಟು ವರ್ಷ ಮೀರಿರಬಾರದು ಎಂಬುದು ಮೊದಲನೆಯದು. ಈ ಅವಧಿಯನ್ನು ಕೆಲವರು ಮೂರು ವರ್ಷ ಇಡುತ್ತಾರೆ, ಕೆಲವರು ಐದರವರೆಗೆ ಬಿಡುತ್ತಾರೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವ ಇರಬಾರದು ಎಂಬುದು ಎರಡನೆಯದು. ಹಿಂದೆ ಎಲ್ಲಿಯೂ ಅಪ್ರೆಂಟಿಸ್ ಆಗಿರಬಾರದು, ಈಗಲೂ ಆಗಿರಬಾರದು ಎಂಬುದು ಮೂರನೆಯದು.

ಎರಡನೆಯ ಸಾಲನ್ನು ಇನ್ನೊಮ್ಮೆ ಓದಿ. ಅಪ್ರೆಂಟಿಸ್ ಮುಗಿಸಿ ಕಾರ್ಖಾನೆಗೆ ಹೋಗಬಹುದು. ಕಾರ್ಖಾನೆಯಲ್ಲಿ ವರ್ಷ ತುಂಬಿಸಿದವನು ಅಪ್ರೆಂಟಿಸ್ ಬಾಗಿಲಿಗೆ ಮರಳಿ ಬರುವಂತಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆದದ್ದು ಇದೇ. ಮೊದಲು ಒಂದು ಕಾರ್ಖಾನೆ ಸೇರಿದ, ಹದಿನಾಲ್ಕು ತಿಂಗಳು ದುಡಿದ, ಮನಸ್ಸು ಬದಲಾಗಿ ಸಾರ್ವಜನಿಕ ಉದ್ಯಮದ ಸಂದರ್ಶನಕ್ಕೆ ಹೋದ. ಅಂಕ ಚೆನ್ನಾಗಿತ್ತು, ಹೆಸರು ಪಟ್ಟಿಯಲ್ಲೂ ಬಂತು. ದಾಖಲೆ ಪರಿಶೀಲನೆಯ ಮೇಜಿನಲ್ಲಿ 'ಹಿಂದೆ ಕೆಲಸ ಮಾಡಿದ್ದೀರಾ' ಎಂದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ, ಹೇಳಿದ್ದರೂ ಪಿಎಫ್ ಖಾತೆ ಬಾಯಿಬಿಡುತ್ತಿತ್ತು. ಹದಿನಾಲ್ಕರಲ್ಲಿ ಮೂರೇ ತಿಂಗಳು ಕಡಿಮೆಯಾಗಿದ್ದರೆ ಅವನು ಒಳಗಿರುತ್ತಿದ್ದ.

ಇನ್ನೊಬ್ಬನ ಕಥೆ ಇದಕ್ಕಿಂತ ವಿಚಿತ್ರ. ಅವನೂ ಖಾಸಗಿ ಕಾರ್ಖಾನೆಯಲ್ಲಿ 'ಟ್ರೇನಿ' ಎಂದೇ ಸೇರಿದ್ದ. ಮೊದಲ ದಿನ ಎಚ್‌ಆರ್‌ನವರು ಕೊಟ್ಟ ಎಂಟು ಹತ್ತು ಕಾಗದಗಳಿಗೆ ಎಲ್ಲರಂತೆ ಅವನೂ ಸಹಿ ಹಾಕಿದ. ಅದರಲ್ಲೊಂದು ಅಪ್ರೆಂಟಿಸ್ ಒಪ್ಪಂದ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು ಎಂದು ನಿಯಮವೇ ಹೇಳುವುದರಿಂದ ಖಾಸಗಿಯವರು ಹೀಗೆ ತೆಗೆದುಕೊಳ್ಳುವುದು ಸಹಜ, ತಪ್ಪೂ ಅಲ್ಲ. ತಪ್ಪಾದದ್ದು ಅವನಿಗೆ ಅದು ಗೊತ್ತಿಲ್ಲದೆ ಹೋದದ್ದು. ವರ್ಷದ ಕೊನೆಗೆ ಅವನನ್ನು ಕಳಿಸಿಕೊಟ್ಟರು. ಜೀವನದಲ್ಲಿ ಸಿಗುವ ಒಂದು ಅಪ್ರೆಂಟಿಸ್ ಅವಕಾಶ ತಾನು ಬಯಸಿದ ಕಡೆ ಖರ್ಚಾಗಲಿಲ್ಲ, ಇತ್ತ ಅನುಭವದ ಲೆಕ್ಕಕ್ಕೂ ಅದು ನೆಟ್ಟಗೆ ಬರಲಿಲ್ಲ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಬಹಳಷ್ಟು ಕಡೆ ಅದನ್ನು ಉದ್ಯೋಗದ ಅನುಭವ ಎಂದು ಎಣಿಸುವುದೂ ಇಲ್ಲ.

ನೀವು ಯಾವುದಕ್ಕೆ ಸೇರುತ್ತಿದ್ದೀರಿ ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಪತ್ರದಲ್ಲಿ 'ಸಂಬಳ' ಎಂದಿದೆಯೋ 'ಸ್ಟೈಪೆಂಡ್' ಎಂದಿದೆಯೋ ನೋಡಿ. ಪಿಎಫ್ ಹಿಡಿಯುತ್ತಾರಾ, ಯುಎಎನ್ ಸಂಖ್ಯೆ ಕೊಡುತ್ತಾರಾ ಎಂದು ಕೇಳಿ. ಜಾಲತಾಣದಲ್ಲಿ ನೋಂದಣಿ ಮಾಡಿಕೋ ಎಂದು ಹೇಳಿ ಒಪ್ಪಂದದ ಸಂಖ್ಯೆ ಬಂದರೆ ಅದು ಅಪ್ರೆಂಟಿಸ್. ಆರನೇ ಸೆಮಿಸ್ಟರಿನಲ್ಲಿ ನೀವು ಮಾಡಿದ ಇಂಟರ್ನ್‌ಶಿಪ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಓದಿನ ಭಾಗ, ಅದರಿಂದ ಯಾವ ಬಾಗಿಲೂ ಮುಚ್ಚುವುದಿಲ್ಲ.

ಬೆಂಚಿನ ಮೇಲಿನ ಲೆಕ್ಕ

ಗುಬ್ಬಿಯ ಹುಡುಗನಿಗೆ ಇಷ್ಟು ಹೇಳುವಷ್ಟರಲ್ಲಿ ಅವನು ಖಾಸಗಿ ಆಫರ್ ಲೆಟರ್ ಮುಂದೆ ತಳ್ಳಿದ. "ಆದ್ರೆ ಇವರು ವರ್ಷಕ್ಕೆ ಎರಡು ಮುಕ್ಕಾಲು ಲಕ್ಷ ಕೊಡ್ತಾರೆ ಸಾರ್. ಅಪ್ರೆಂಟಿಸ್‌ನಲ್ಲಿ ತಿಂಗಳಿಗೆ ಎಂಟೇ ಸಾವಿರ."

ಪತ್ರದಲ್ಲಿದ್ದದ್ದು 2.7 ಲಕ್ಷ ಸಿಟಿಸಿ, ಅಂದರೆ ತಿಂಗಳಿಗೆ 22,500. ಸಿಟಿಸಿ ಎಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಅದು ನಿಮ್ಮ ಕೈಗೆ ಬರುವ ದುಡ್ಡಲ್ಲ. ಅಂಗಡಿಯವನ ಹತ್ತಿರ ಪೆನ್ನು ಇಸಕೊಂಡು ಆಫರ್ ಲೆಟರಿನ ಹಿಂಬದಿಯಲ್ಲೇ ಬರೆದೆವು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ 1,800. ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿನ ತಿಂಗಳ ಪಾಲು 1,250. ಗ್ರ್ಯಾಚ್ಯುಟಿಗೆಂದು ತೋರಿಸಿದ್ದು ಸುಮಾರು 720. ಇಎಸ್‌ಐಗೆ ಕಂಪನಿಯ ಪಾಲು ಸುಮಾರು 590. ಇವನ್ನೆಲ್ಲ ಕಳೆದರೆ ಸಂಬಳದ ಚೀಟಿಯಲ್ಲಿ ಕಾಣುವುದು ಸುಮಾರು 18,140. ಅದರಿಂದ ಹುಡುಗನ ಪಾಲಿನ ಪಿಎಫ್ 1,800, ಇಎಸ್‌ಐ ಸುಮಾರು 136 ಹೋದರೆ 16,200. ಕ್ಯಾಂಟೀನು, ಕಂಪನಿ ಬಸ್ಸು ಎಂದು 1,200 ಹಿಡಿಯುತ್ತಾರೆಂದು ಪತ್ರದಲ್ಲೇ ಇತ್ತು. ಬ್ಯಾಂಕಿಗೆ ಬೀಳುವುದು 15,000.

ಮೂವರು ಸೇರಿ ರೂಮು ಮಾಡಿದರೆ ಬಾಡಿಗೆಯ ಪಾಲು 3,000, ಊಟ ತಿಂಡಿಗೆ 4,500. ಉಳಿಯುವುದು 7,500.

ಇನ್ನು ಅಪ್ರೆಂಟಿಸ್ ಕಡೆ. 2019ರಲ್ಲಿ ತಿದ್ದಿದ ನಿಯಮದಲ್ಲಿ ಡಿಪ್ಲೊಮಾದವರಿಗೆ ಕನಿಷ್ಠ ಸ್ಟೈಪೆಂಡ್ 8,000 ಇತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಪರಿಷತ್ತು ಸ್ಟೈಪೆಂಡನ್ನು ಶೇ 36ರಷ್ಟು ಏರಿಸುವಂತೆ ಶಿಫಾರಸು ಮಾಡಿತು. ಆದ್ದರಿಂದ ನಿಮ್ಮ ಕೈಯಲ್ಲಿರುವ ಅಧಿಸೂಚನೆಯ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿ. ಇವನ ಕರೆಯಲ್ಲಿದ್ದದ್ದು 8,000. ಊಟ ಸೇರಿದ ಪಿಜಿಗೆ 7,000 ಕೊಟ್ಟರೆ ಉಳಿಯುವುದು ಸಾವಿರ. ಎರಡರ ನಡುವಿನ ಅಂತರ ತಿಂಗಳಿಗೆ 6,500, ವರ್ಷಕ್ಕೆ 78,000.

"ಹಾಗಾದ್ರೆ ಅಪ್ರೆಂಟಿಸ್‌ಗೆ ನಾವೇ ಎಪ್ಪತ್ತೆಂಟು ಸಾವಿರ ಕಟ್ಟಿದ ಹಾಗೆ" ಎಂದ ಹುಡುಗ. ಲೆಕ್ಕ ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಆ ದುಡ್ಡಿನ ಬಗ್ಗೆ ಇನ್ನೊಂದು ಮಾತು. ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ, ಈಗ ಅದು ನೇರವಾಗಿ ಅಭ್ಯರ್ಥಿಯ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಸಂಸ್ಥೆಯ ಪಾಲು ಒಂದು ದಿನ ಬಂದರೆ ಸರ್ಕಾರದ ಪಾಲು ಇನ್ನೊಂದು ದಿನ, ಕೆಲವೊಮ್ಮೆ ತಿಂಗಳು ತಡವಾಗಿ. ಮೊದಲ ಎರಡು ತಿಂಗಳ ಪಿಜಿ ಬಾಡಿಗೆ ಮನೆಯಿಂದಲೇ ಹೋಗಬೇಕು ಎಂದು ಅಪ್ಪನಿಗೆ ಮೊದಲೇ ಹೇಳಿಡಿ. ಹೆಸರಿನ ತೊಡಕೂ ನಮ್ಮ ಕಡೆ ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಮೂರೂ ಕಡೆ ಹೆಸರು ಒಂದೇ ಥರ ಇಲ್ಲದಿದ್ದರೆ ನೋಂದಣಿ ನಿಲ್ಲುತ್ತದೆ, ಇಲ್ಲವೇ ದುಡ್ಡು ನಿಲ್ಲುತ್ತದೆ. ಆಧಾರ್ ತಿದ್ದುಪಡಿಗೆ ಆಗಸ್ಟಿನಲ್ಲಿ ಓಡುವ ಬದಲು ಆರನೇ ಸೆಮಿಸ್ಟರಿನಲ್ಲೇ ಓಡಿ.

ಆ ವರ್ಷದಲ್ಲಿ ಏನು ಸಿಗುತ್ತದೆ

ಎಪ್ಪತ್ತೆಂಟು ಸಾವಿರ ಕೊಟ್ಟು ಕೊಳ್ಳುವುದೇನು? ಕಾಯಂ ಕೆಲಸ ಎಂದುಕೊಂಡಿದ್ದರೆ ಆ ಆಸೆ ಇಲ್ಲೇ ಬಿಡಿ. ಅಪ್ರೆಂಟಿಸ್ ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂಬ ಹೊಣೆ ಕಾಯ್ದೆಯಲ್ಲಿ ಇಲ್ಲ. 2014ರ ತಿದ್ದುಪಡಿಯ ನಂತರ ಪ್ರತಿ ಸಂಸ್ಥೆಯೂ ತನ್ನ ಅಪ್ರೆಂಟಿಸ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ತನ್ನದೇ ನೀತಿ ಮಾಡಿಕೊಳ್ಳಬೇಕು ಎಂದಷ್ಟೇ ಇದೆ. ವರ್ಷ ತುಂಬಿದ ದಿನ ಗೇಟ್ ಪಾಸ್ ವಾಪಸ್ ಕೊಟ್ಟು ಬರಬೇಕು. ಮಂಡಳಿಯ ಪ್ರಮಾಣಪತ್ರ ಆಮೇಲೆ ಬರುತ್ತದೆ.

ಸಾರ್ವಜನಿಕ ಉದ್ಯಮಗಳಲ್ಲಿ ಡಿಪ್ಲೊಮಾದವರಿಗೆ ನಿಜವಾದ ನೇಮಕಾತಿ ಬೇರೆ ಬಾಗಿಲಿನಿಂದ ಆಗುತ್ತದೆ. ಉದಾಹರಣೆಗೆ ಬಿಇಎಲ್‌ನಲ್ಲಿ 'ಎಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೇನಿ' ಎಂಬ ಹುದ್ದೆ ಡಿಪ್ಲೊಮಾದವರಿಗೇ ಇದೆ. ಅದಕ್ಕೆ ಲಿಖಿತ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 28. ಎಚ್‌ಎಎಲ್‌ನಲ್ಲಿ ಡಿಪ್ಲೊಮಾ ಟೆಕ್ನಿಷಿಯನ್ ಹುದ್ದೆಗಳು ಬಹುಪಾಲು ಇಂತಿಷ್ಟು ವರ್ಷ ಎಂಬ ಅವಧಿಗೆ ಸೀಮಿತ. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಲ್ಲಿ ಜೂನಿಯರ್ ಎಂಜಿನಿಯರ್, ರೈಲ್ವೆ ಮತ್ತು ಎಸ್‌ಎಸ್‌ಸಿಯ ಜೆಇ, ಇಸ್ರೊದ ಟೆಕ್ನಿಕಲ್ ಅಸಿಸ್ಟೆಂಟ್ ಇವೂ ಡಿಪ್ಲೊಮಾಗೆ ತೆರೆದಿರುವ ಹುದ್ದೆಗಳೇ. ರೈಲ್ವೆ, ಎಸ್‌ಎಸ್‌ಸಿ ಜೆಇಗೆ ಬಿಇ ಆದವರೂ ಬರೆಯಬಹುದಾದ್ದರಿಂದ ಅಲ್ಲಿ ಪೈಪೋಟಿ ಬಿಗಿ. ಡಿಪ್ಲೊಮಾದವರಿಗೇ ಎಂದು ಮೀಸಲಾದ ಪರೀಕ್ಷೆ ಬಂದರೆ ಬಿಡಬಾರದು ಎನ್ನುವುದು ಇದಕ್ಕೇ. ಬಿಇ ಮಾಡಿದ ಮೇಲೆ ಕೆಲವು ಡಿಪ್ಲೊಮಾ ಹುದ್ದೆಗಳಿಗೆ ಅರ್ಜಿ ಹಾಕಲು ಬರುವುದೂ ಇಲ್ಲ.

ಹಾಗಾಗಿ ಅಪ್ರೆಂಟಿಸ್ ವರ್ಷವನ್ನು ನಾನು ಎರಡು ದೃಷ್ಟಿಯಿಂದ ಅಳೆಯುತ್ತೇನೆ. ಒಂದು, ಸಂಜೆಯ ಹೊತ್ತು. ಅಪ್ರೆಂಟಿಸ್‌ಗಳಿಗೆ ಸಾಮಾನ್ಯವಾಗಿ ಜನರಲ್ ಶಿಫ್ಟ್, ಓವರ್‌ಟೈಮ್ ಇಲ್ಲ. ಐದು ಐದೂವರೆಗೆ ಹೊರಗೆ ಬಂದವನಿಗೆ ರಾತ್ರಿ ಎರಡು ಗಂಟೆ ಓದಲು ಸಿಗುತ್ತದೆ. ಮೂರು ಶಿಫ್ಟಿನಲ್ಲಿ ದುಡಿಯುವವನಿಗೆ ಅದು ಸಿಗದು. ಎರಡು, ಯಾವ ವಿಭಾಗ ಎಂಬುದು. ಇಲ್ಲಿ ಅದೃಷ್ಟ ಇದೆ, ಆದರೆ ಬಾಯಿಯೂ ಕೆಲಸ ಮಾಡುತ್ತದೆ. ಒಬ್ಬನನ್ನು ಸಿಎಂಎಂ ಯಂತ್ರವಿರುವ ಗುಣಮಟ್ಟ ವಿಭಾಗಕ್ಕೆ ಹಾಕುತ್ತಾರೆ. ಅವನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದು, ಡ್ರಾಯಿಂಗಿನ ಟಾಲರೆನ್ಸ್ ಓದುವುದು, ತಿರಸ್ಕೃತ ಬಿಡಿಭಾಗದ ವರದಿ ಬರೆಯುವುದು ಕಲಿಯುತ್ತಾನೆ. ಇನ್ನೊಬ್ಬ ಕಚೇರಿಯಲ್ಲಿ ಹಳೆ ಫೈಲು ಸ್ಕ್ಯಾನ್ ಮಾಡುತ್ತ ವರ್ಷ ಕಳೆಯುತ್ತಾನೆ. ಇಬ್ಬರ ಪ್ರಮಾಣಪತ್ರವೂ ಒಂದೇ. ಪೀಣ್ಯದ ಕಾರ್ಖಾನೆಯ ಸಂದರ್ಶನದಲ್ಲಿ ವರ್ನಿಯರ್ ಕೈಗೆ ಕೊಟ್ಟಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮೂರು ತಿಂಗಳಾದರೂ ಫೈಲಿನಲ್ಲೇ ಇದ್ದರೆ ತರಬೇತಿ ವಿಭಾಗದ ಅಧಿಕಾರಿಗೆ ಬರೆದು ಕೇಳಿ. ಅಪ್ರೆಂಟಿಸ್‌ನ ಪ್ರಗತಿ ದಾಖಲಿಸಬೇಕಾದದ್ದು ಸಂಸ್ಥೆಯ ಕರ್ತವ್ಯ, ಅದನ್ನು ನೆನಪಿಸಿದರೆ ತಪ್ಪಿಲ್ಲ.

ನಡುವೆ ಬಿಡುವ ಪ್ರಶ್ನೆಯೂ ಬರುತ್ತದೆ. ಒಪ್ಪಂದ ನಿಮ್ಮ ತಪ್ಪಿನಿಂದ ಮುರಿದರೆ ತರಬೇತಿಯ ಖರ್ಚು ವಸೂಲಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಸೀಟು ಸಿಕ್ಕಿತು, ಕೆಲಸ ಸಿಕ್ಕಿತು ಎಂದಾದರೆ ಹೇಳದೆ ಕೇಳದೆ ಊರಿಗೆ ಹೋಗಿ ಕೂರಬೇಡಿ. ಬರೆದುಕೊಟ್ಟು, ಒಪ್ಪಂದ ರದ್ದಾದ ಕಾಗದ ಪಡೆದೇ ಹೊರಡಿ.

ಪದವಿ: ಹಗಲಿನದೋ ಸಂಜೆಯದೋ

ಮೂರನೇ ಕಾಗದ ರ್‍ಯಾಂಕಿನದು. ಕೆಇಎ ನಡೆಸುವ ಡಿಸಿಇಟಿ ಬರೆದರೆ ಬಿಇಯ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶ. ಡಿಪ್ಲೊಮಾದಲ್ಲಿ ಶೇ 45, ಮೀಸಲು ವರ್ಗಕ್ಕೆ ಶೇ 40 ಇರಬೇಕು. ಹುಡುಗನ ರ್‍ಯಾಂಕು ದೊಡ್ಡದು. ಅಂದರೆ ಚೆನ್ನಾಗಿಲ್ಲ. ಆ ರ್‍ಯಾಂಕಿಗೆ ಹೋದ ವರ್ಷ ಸಿಕ್ಕ ಕಾಲೇಜುಗಳ ಪಟ್ಟಿ ತೆಗೆದು ನೋಡಿದೆವು. ಮೆಕ್ಯಾನಿಕಲ್‌ನಲ್ಲಿ ಸಿಗುತ್ತಿದ್ದದ್ದು ಊರಾಚೆಯ ಎರಡು ಹೊಸ ಕಾಲೇಜು. ಅಲ್ಲಿಗೆ ಮೂರು ವರ್ಷದ ಶುಲ್ಕ, ಹಾಸ್ಟೆಲ್ ಕಟ್ಟುವುದು ಬೇಡ, ಮುಂದಿನ ವರ್ಷ ಮತ್ತೆ ಬರೆ ಎಂದೆ. ರ್‍ಯಾಂಕು ಚೆನ್ನಾಗಿದ್ದು ಸರ್ಕಾರಿ ಕಾಲೇಜೋ ಹೆಸರಿರುವ ಕಾಲೇಜೋ ಸಿಗುವಂತಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು: ಅಪ್ರೆಂಟಿಸ್ ಬಿಡು, ಓದು, ಬಿಇ ಮುಗಿಸಿ ಗ್ರ್ಯಾಜುಯೇಟ್ ಅಪ್ರೆಂಟಿಸ್ ಆಗಬಹುದು.

ಹೆಣ್ಣುಮಕ್ಕಳಿಗೆ ಇಲ್ಲಿ ಇನ್ನೊಂದು ಗಡಿಯಾರವಿದೆ. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000, ಲ್ಯಾಟರಲ್ ಪ್ರವೇಶದಲ್ಲಿ ಎರಡನೇ ವರ್ಷಕ್ಕೆ ಸೇರಿದವರಿಗೂ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು. ಆದರೆ ಡಿಪ್ಲೊಮಾ ಪಾಸಾಗಿ ಎರಡು ವರ್ಷಕ್ಕಿಂತ ಹೆಚ್ಚು ಬಿಡುವು ಆಗಿರಬಾರದು. ಅಪ್ರೆಂಟಿಸ್ ಒಂದು ವರ್ಷ, ಕೆಲಸ ಎರಡು ವರ್ಷ, ಆಮೇಲೆ ಓದು ಎಂದು ಯೋಜನೆ ಹಾಕಿದ ಹುಡುಗಿ ಈ ದುಡ್ಡನ್ನು ಕೈಬಿಟ್ಟಂತೆ.

ಲ್ಯಾಟರಲ್ ಪ್ರವೇಶದವರು ಮುಗ್ಗರಿಸುವುದು ವೃತ್ತಿ ವಿಷಯಗಳಲ್ಲಿ ಅಲ್ಲ. ವರ್ಕ್‌ಶಾಪು, ಡ್ರಾಯಿಂಗು, ಯಂತ್ರಗಳ ವಿಷಯದಲ್ಲಿ ಅವರು ಪಿಯುಸಿಯಿಂದ ಬಂದವರಿಗಿಂತ ಮುಂದು. ಬೀಳುವುದು ಗಣಿತದಲ್ಲಿ. ಮೂರನೇ ಸೆಮಿಸ್ಟರಿನಲ್ಲಿ ಲ್ಯಾಪ್ಲಾಸ್, ಫೋರಿಯರ್ ಎದುರಾಗುತ್ತವೆ. ಪಿಯುಸಿ ಮತ್ತು ಮೊದಲ ವರ್ಷದ ಗಣಿತ ದಾಟಿ ಬಂದವರ ಪಕ್ಕದಲ್ಲಿ ಕೂತು ಅದನ್ನು ಓದಬೇಕು. ಇದರ ಜೊತೆಗೆ ವಿಟಿಯುನಲ್ಲಿ ಡಿಪ್ಲೊಮಾದವರಿಗೆಂದೇ ಹೆಚ್ಚುವರಿ ಗಣಿತದ ಪತ್ರಿಕೆಗಳಿದ್ದವು. ಅವುಗಳ ಅಂಕ ಸರಾಸರಿಗೆ ಸೇರುತ್ತಿರಲಿಲ್ಲ, ಆದರೆ ಪಾಸಾಗದೆ ಪದವಿ ಇರಲಿಲ್ಲ. ಕೊನೆಯ ವರ್ಷದವರೆಗೂ ಈ ಪತ್ರಿಕೆ ಬಾಕಿ ಉಳಿಸಿಕೊಂಡು ಕ್ಯಾಂಪಸ್ ಸಂದರ್ಶನ ಕಳೆದುಕೊಂಡವರನ್ನು ಕಂಡಿದ್ದೇನೆ. ಸೇರುವ ಮೊದಲಿನ ಎರಡು ತಿಂಗಳಲ್ಲಿ ಇಂಟಿಗ್ರೇಷನ್ ಮತ್ತು ಭಾಗಶಃ ಭಿನ್ನರಾಶಿ ಎರಡನ್ನು ಗಟ್ಟಿ ಮಾಡಿಕೊಂಡವರಿಗೆ ಈ ಪಾಡು ಬರುವುದಿಲ್ಲ.

ಇನ್ನು ಸಂಜೆಯ ಓದು. ಕೆಲಸದಲ್ಲಿರುವವರಿಗಾಗಿ ಎಐಸಿಟಿಇ 2023ರಿಂದ ಪ್ರತ್ಯೇಕ ವ್ಯವಸ್ಥೆ ಮಾಡಿದೆ. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಇರಬೇಕು, ಕೆಲಸದ ಸ್ಥಳ ಕಾಲೇಜಿನಿಂದ 50 ಕಿಲೋಮೀಟರ್ ಒಳಗಿರಬೇಕು. ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ಶಿಫ್ಟ್. ಬಹಳಷ್ಟು ಕಾರ್ಖಾನೆಗಳಲ್ಲಿ ಎ ಶಿಫ್ಟ್ ಬೆಳಿಗ್ಗೆ ಆರರಿಂದ ಎರಡು, ಬಿ ಶಿಫ್ಟ್ ಎರಡರಿಂದ ರಾತ್ರಿ ಹತ್ತು, ಸಿ ಶಿಫ್ಟ್ ಹತ್ತರಿಂದ ಬೆಳಿಗ್ಗೆ ಆರು, ವಾರಕ್ಕೊಮ್ಮೆ ಬದಲು. ಬಿ ಶಿಫ್ಟ್ ಬಂದ ವಾರ ಕಾಲೇಜು ಪೂರ್ತಿ ಹೋಯಿತು, ಹಾಜರಾತಿಯೂ ಹೋಯಿತು. ಆಫರ್ ಒಪ್ಪಿಕೊಳ್ಳುವ ಮೊದಲೇ ಜನರಲ್ ಶಿಫ್ಟ್ ಇರುವ ಗುಣಮಟ್ಟ, ಟೂಲ್‌ರೂಮ್, ಯೋಜನಾ ವಿಭಾಗ ಕೇಳಿ ನೋಡಬೇಕು. ಸೇರಿದ ಮೇಲೆ ಕೇಳಿದರೆ ಸೂಪರ್‌ವೈಸರ್ ನಗುತ್ತಾರೆ. ಎರಡನೆಯದು ಮೂಲ ಅಂಕಪಟ್ಟಿ. ಕೆಲವು ಕಡೆ ಸೇರುವಾಗ ಮೂಲ ದಾಖಲೆ ತೆಗೆದಿಟ್ಟುಕೊಳ್ಳುತ್ತಾರೆ. ಕೌನ್ಸೆಲಿಂಗ್‌ಗೆ ಅದೇ ಬೇಕು. ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಬಿಟ್ಟುಕೊಡಬೇಡಿ.

'ಕೆಲಸ ಬಿಡದೆ, ತರಗತಿಗೆ ಹೋಗದೆ ಬಿಇ' ಎಂಬ ಪೋಸ್ಟರ್ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಕಂಡರೆ ಮುಂದೆ ಹೋಗಿ. ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪಿನಿಂದ ಎಷ್ಟೋ ಜನರ ಪದವಿ ಅತಂತ್ರವಾಯಿತು. ಹಿಂದೆ ಡಿಪ್ಲೊಮಾದವರ ದಾರಿಯಾಗಿದ್ದ ಎಎಂಐಇಗೂ 2013ರ ಮೇ 31ರವರೆಗೆ ಸೇರಿದವರಿಗಷ್ಟೇ ಸರ್ಕಾರಿ ಮಾನ್ಯತೆ ಉಳಿದಿದೆ. ಕಾರ್ಖಾನೆಯ ಹಿರಿಯರು 'ನಾನೂ ಎಎಂಐಇ ಮಾಡಿಯೇ ಮೇಲೆ ಬಂದದ್ದು' ಎಂದರೆ ಅವರ ಮಾತು ನಿಜ, ಆದರೆ ಅವರ ಕಾಲ ಬೇರೆ.

ಆ ಹುಡುಗ ಮಾಡಿದ್ದು

ಮನೆಯಲ್ಲಿ ಸಾಲ ಇದ್ದು, ತಂಗಿಯ ಶುಲ್ಕ ಇವನೇ ಕಟ್ಟಬೇಕು ಎಂದಾಗಿದ್ದರೆ ನಾನು ಖಾಸಗಿ ಕಾರ್ಖಾನೆಯನ್ನೇ ಹೇಳುತ್ತಿದ್ದೆ. ತಿಂಗಳಿಗೆ ಉಳಿಯುವ 7,500 ಸಣ್ಣ ದುಡ್ಡಲ್ಲ. ಅಂಥ ಮನೆಗೆ 'ಒಂದು ವರ್ಷ ತಡಕೊಳ್ಳಿ' ಎಂದು ಹೊರಗಿನವರು ಹೇಳುವುದು ಸುಲಭ. ಆಗಲೂ ಹನ್ನೊಂದನೇ ತಿಂಗಳಲ್ಲಿ ಒಮ್ಮೆ ನಿಂತು ಯೋಚಿಸು ಎನ್ನುತ್ತಿದ್ದೆ, ವರ್ಷ ತುಂಬುವ ಮೊದಲು.

ಇವನ ಮನೆಯಲ್ಲಿ ಅಪ್ಪನಿಗೆ ಒಂದಿಷ್ಟು ಅಡಿಕೆ ತೋಟ, ಸಾಲವಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಅಪ್ಪ ಫೋನಿನಲ್ಲಿ ನನ್ನ ಹತ್ತಿರ ಮಾತಾಡಿದರು. "ಮೇಷ್ಟ್ರೇ, ಒಂದು ವರ್ಷದ ಪಿಜಿ ದುಡ್ಡು ನಾ ನೋಡ್ಕೋತೀನಿ. ಆದ್ರೆ ವರ್ಷ ಆದ್ಮೇಲೆ ಮತ್ತೆ ಬಂದು ತೋಟದಲ್ಲಿ ಕೂರಂಗಿಲ್ಲ ಅಂತ ಹೇಳಿ ಅವನಿಗೆ."

ಹುಡುಗ ಅಪ್ರೆಂಟಿಸ್ ಸೇರಿದ. ಮೊದಲ ಎರಡು ತಿಂಗಳು ಡ್ರಾಯಿಂಗ್ ಜೋಡಿಸುವ ಕೆಲಸ. ಕೇಳಿ ಕೇಳಿ ಗುಣಮಟ್ಟ ವಿಭಾಗಕ್ಕೆ ಹೋದ. ಎಂಜಿನಿಯರಿಂಗ್ ಅಸಿಸ್ಟೆಂಟ್ ಪರೀಕ್ಷೆ ಬರೆದ, ಆಗಲಿಲ್ಲ. ಡಿಸಿಇಟಿ ಮತ್ತೆ ಬರೆದ, ರ್‍ಯಾಂಕು ಸುಧಾರಿಸಿತು, ಆದರೆ ಹಗಲು ಓದಲು ಮನೆಯಲ್ಲಿ ದುಡ್ಡು ಹೊಂದಲಿಲ್ಲ. ವರ್ಷ ಮುಗಿದ ಮೇಲೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಸೇರಿದ. ಸಂಬಳ ಹಿಂದಿನ ಆಫರ್‌ಗಿಂತ ಮೂರು ಸಾವಿರ ಜಾಸ್ತಿ, ಶಿಫ್ಟ್ ಜನರಲ್. ಅಲ್ಲಿ ಒಂದು ವರ್ಷ ತುಂಬಿಸಿ ಸಂಜೆ ಬಿಇಗೆ ಹೋಗುತ್ತಿದ್ದಾನೆ. ಪಿಎಫ್ ಪಾಸ್‌ಬುಕ್ಕನ್ನೇ ಅನುಭವದ ಸಾಕ್ಷಿಯಾಗಿ ಕಾಲೇಜಿಗೆ ತೋರಿಸಿದನಂತೆ.

ಮೊನ್ನೆ ಶನಿವಾರ ಟೀ ಅಂಗಡಿಗೆ ಬಂದಿದ್ದ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬೆಂಚಿನ ಮೇಲೆ ಬಿಚ್ಚಿಟ್ಟ. ಲ್ಯಾಪ್ಲಾಸ್ ವಿಲೋಮದ ಲೆಕ್ಕ, ಭಾಗಶಃ ಭಿನ್ನರಾಶಿಯಲ್ಲಿ ನಿಂತಿತ್ತು. "ಸಾರ್, ಇಲ್ಲಿ ಬಿ ಮತ್ತು ಸಿ ಹೇಗೆ ಬಂತು ಅಂತಲೇ ಗೊತ್ತಾಗ್ತಿಲ್ಲ" ಅಂದ. ಇನ್ನೊಂದು ಟೀ ಹೇಳಿ, ಅಂಗಡಿಯವನ ಹತ್ತಿರ ಪೆನ್ನು ಇಸಕೊಂಡೆ.